ಸಹಾಯ ಬೇಕು: ರೋಟೆನೋನ್ ಹಾಕಿದಾಗ ಹೈಡ್ರೋಜನ್ ಪೆರಾಕ್ಸೈಡ್ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿ. ಬೆಳಿಗ್ಗೆ ಮಾಂಸದಂಗಡಿಯಿಂದ ಐಸಿನಲ್ಲಿಟ್ಟು ತಂದ ಕುರಿಯ ಹೃದಯದಿಂದ ಮೈಟೋಕಾಂಡ್ರಿಯ ಬೇರ್ಪಡಿಸಿ, ಆಂಪ್ಲೆಕ್ಸ್ ರೆಡ್ ಮತ್ತು ಪೆರಾಕ್ಸಿಡೇಸ್ ಬಳಸಿ, ಹೊರಬರುವ ಹೈಡ್ರೋಜನ್ ಪೆರಾಕ್ಸೈಡನ್ನು ಅಳೆಯುತ್ತಿದ್ದೇನೆ.

ಗ್ಲುಟಮೇಟ್-ಮ್ಯಾಲೇಟ್ ಕೊಟ್ಟಾಗ ರೋಟೆನೋನ್ ಹಾಕಿದೊಡನೆ ಗುಲಾಬಿ ಬಣ್ಣ ಬೇಗ ಗಾಢವಾಗುತ್ತದೆ. ಸಕ್ಸಿನೇಟ್ ಕೊಟ್ಟಾಗ ಅದೇ ರೋಟೆನೋನ್ ಬಣ್ಣದ ಏರಿಕೆಯನ್ನು ತಗ್ಗಿಸುತ್ತದೆ. ಮೊದಲು ಪಿಪೆಟ್ ತಪ್ಪಿತೆಂದೇ ಭಾವಿಸಿದ್ದೆ. ಈಗ ತಿಳಿದಿರುವಂತೆ, ಮೊದಲನೆಯದರಲ್ಲಿ ಎಲೆಕ್ಟ್ರಾನುಗಳು ಮುಂದೆ ಹೋಗಲಾಗದೆ ಒಂದನೇ ಸಂಕೀರ್ಣದ ಫ್ಲೇವಿನ್‌ನಲ್ಲಿ ತುಂಬಿಕೊಂಡು ಆಮ್ಲಜನಕಕ್ಕೆ ಸೋರುತ್ತವೆ. ಎರಡನೆಯದರಲ್ಲಿ ಅವು ಯುಬಿಕ್ವಿನಾಲ್‌ನಿಂದ ಹಿಮ್ಮುಖವಾಗಿ ಅದೇ ಸಂಕೀರ್ಣಕ್ಕೆ ನುಗ್ಗುವ ದಾರಿಯನ್ನೇ ರೋಟೆನೋನ್ ಮುಚ್ಚುತ್ತದೆ.

ನನ್ನ ತೊಡಕು ಇದರ ನಂತರದ್ದು. ಮ್ಯಾಟ್ರಿಕ್ಸ್‌ನಲ್ಲಿ ಹುಟ್ಟಿದ ಸೂಪರಾಕ್ಸೈಡನ್ನು ಮ್ಯಾಂಗನೀಸ್ ಹೊಂದಿರುವ ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಪೆರಾಕ್ಸೈಡ್ ಆಗಿಸಿದರೂ, ಅದು ಹೊರಬರುವ ಮುನ್ನವೇ ಗ್ಲುಟಥಯೋನ್ ಪೆರಾಕ್ಸಿಡೇಸ್ ಮತ್ತು ಪೆರಾಕ್ಸಿರೆಡಾಕ್ಸಿನ್-3 ಒಂದು ಪಾಲನ್ನು ನುಂಗಿಬಿಡುತ್ತವೆ. ಈ ಎರಡಕ್ಕೂ ಅಂತಿಮವಾಗಿ ಬೇಕಾದ NADPH ಪೂರೈಕೆ ಕೊಟ್ಟ ಆಹಾರವಸ್ತುವನ್ನು ಅವಲಂಬಿಸಿರುವುದರಿಂದ, ನಾನು ಕಾಣುತ್ತಿರುವುದು ಉತ್ಪತ್ತಿಯ ವ್ಯತ್ಯಾಸವೋ, ರಕ್ಷಣೆಯ ವ್ಯತ್ಯಾಸವೋ ಹೇಳಲಾಗುತ್ತಿಲ್ಲ.

CDNB ಬಳಸಿ ಗ್ಲುಟಥಯೋನ್ ಬರಿದುಮಾಡಿ ಅಳೆದವರು ಇದ್ದರೆ, ಎಷ್ಟು ಸಾಂದ್ರತೆಯಲ್ಲಿ ಎಷ್ಟು ನಿಮಿಷ ಇಟ್ಟಿರಿ, ಉಸಿರಾಟ ಕೆಟ್ಟಿಲ್ಲವೆಂದು ಹೇಗೆ ಖಚಿತಪಡಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ. ಕ್ಯಾಟಲೇಸ್ ಹಾಕಿದಾಗ ಬಣ್ಣದ ಏರಿಕೆ ನಿಲ್ಲುವುದನ್ನು ಈಗಾಗಲೇ ನೋಡಿದ್ದೇನೆ.