0713 ಒಂದೇ, ದರ ಎರಡು: ಬೇಳೆ ಬಿಲ್‌ನಲ್ಲಿ ತೆರಿಗೆ ತಾಳೆ ನೋಡೋದು ಹೇಗೆ?

ಪ್ರಶ್ನೆ (ಕಿರಾಣಿ ಮಾರ್ಟ್ ಅಕೌಂಟೆಂಟ್, ಕಲಬುರಗಿ):
ನಮ್ಮ ಖರೀದಿ ಬಿಲ್‌ಗಳನ್ನು ಸ್ಕ್ಯಾನ್ ಮಾಡಿ, ಸಾಫ್ಟ್‌ವೇರ್‌ನಿಂದ ಓದಿಸಿ ಎಕ್ಸೆಲ್‌ಗೆ ತರುತ್ತೇವೆ. ಎಚ್‌ಎಸ್‌ಎನ್ ಕೋಡ್ ಮತ್ತು ಅದರ ಜಿಎಸ್‌ಟಿ ದರ ಅಂತ ಒಂದು ಪಟ್ಟಿ ಇಟ್ಟುಕೊಂಡು ವಿಲುಕಪ್ ಹಾಕಿದ್ದೇನೆ. ಬೇರೆ ಸಾಮಾನು ಪರವಾಗಿಲ್ಲ, ಬೇಳೆ ಸಾಲುಗಳು ಮಾತ್ರ ದಿನಾ ಕೆಂಪಾಗುತ್ತವೆ. ಒಂದೇ ಬಿಲ್‌ನಲ್ಲಿ 0713ಕ್ಕೆ ಒಂದು ಕಡೆ ಸೊನ್ನೆ, ಇನ್ನೊಂದು ಕಡೆ 5. ಓದಿದ್ದು ತಪ್ಪಾ, ಬಿಲ್ ಮಾಡಿದವರದ್ದು ತಪ್ಪಾ, ನನ್ನ ಪಟ್ಟಿಯೇ ತಪ್ಪಾ?

ಟ್ಯಾಲಿ ಆಪರೇಟರ್, ಯಾದಗಿರಿ:
25 ಕೆಜಿ ದಾಟಿದರೆ ಸೊನ್ನೆ, ಇಲ್ಲಾಂದ್ರೆ 5. ಪ್ರಮಾಣದ ಕಾಲಂ ಮೇಲೆ ಒಂದು ಐಎಫ್ ಹಾಕಿ, ಮುಗೀತು.

ತೆರಿಗೆ ಸಲಹೆಗಾರ, ಬೀದರ್:
ಯಾದಗಿರಿಯವರು ಹೇಳಿದ್ದು ಅರ್ಧ ಸರಿ. ಆ ಐಎಫ್ ಹಾಕಿದರೆ ಕೆಂಪು ಹೋಗುತ್ತೆ, ಆದರೆ ತಪ್ಪು ಹಾಗೇ ಉಳಿಯುತ್ತೆ. ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೊದಲು ಕೋಡ್ ಸರಿಯಾಗಿ ಬಂದಿದೆಯಾ ನೋಡಿ. ಎಕ್ಸೆಲ್ ಅದನ್ನು ಸಂಖ್ಯೆ ಅಂದುಕೊಂಡರೆ ಮುಂದಿನ ಸೊನ್ನೆ ತಿಂದುಬಿಡುತ್ತೆ. 0713 ಹೋಗಿ 713 ಆಗುತ್ತೆ, 07136000 ಹೋಗಿ 7136000. ಬಿಲ್ ಮೇಲೆ ಕೋಡ್ ನಾಲ್ಕು, ಆರು ಅಥವಾ ಎಂಟು ಅಂಕಿ ಇರುತ್ತೆ. ಮೂರು, ಐದು, ಏಳು ಅಂಕಿ ಕಂಡರೆ ಮುಂದಿನ ಸೊನ್ನೆ ಹೋಗಿರೋದೇ ಜಾಸ್ತಿ. ಕಾಲಂ ಅನ್ನು ಟೆಕ್ಸ್ಟ್ ಮಾಡಿ, ಕೋಡ್ B ಕಾಲಂನಲ್ಲಿ ಇದೆ ಅಂದುಕೊಂಡರೆ ಹಳೇ ಸಾಲುಗಳಿಗೆ ಬೇರೆ ಖಾಲಿ ಕಾಲಂನಲ್ಲಿ ಇದನ್ನು ಹಾಕಿ:

```
=IF(ISODD(LEN(B2)),"0"&B2,B2)
```

ಹೀಗೆ ಬಂದ ಕೋಡ್ ಅನ್ನು ಸರಕಿನ ಹೆಸರಿನ ಜೊತೆ ಒಮ್ಮೆ ಕಣ್ಣಲ್ಲಿ ನೋಡಿ. ನಡುವಿನ ಅಂಕಿಯನ್ನು ಸ್ಕ್ಯಾನರ್ ಬಿಟ್ಟಿದ್ದರೂ ಉದ್ದ ಬೆಸವೇ ಆಗುತ್ತೆ. ಇನ್ನೊಂದು ಮಾತು, ತೆರಿಗೆ 5 ಇದೆ ಅಂತ ಅದಕ್ಕೆ ಹೊಂದೋ ಕೋಡ್ ಅನ್ನು ಸಾಫ್ಟ್‌ವೇರ್ ತಾನೇ ತುಂಬೋಕೆ ಬಿಡಬೇಡಿ. ಹಾಗೆ ಮಾಡಿದರೆ ಎಲ್ಲಾ ಸಾಲೂ ತಾಳೆಯಾಗುತ್ತವೆ, ತಾಳೆ ನೋಡಿದ್ದೇ ಸುಳ್ಳಾಗುತ್ತೆ.

ಆಮೇಲೆ ದರ. ಬಿಲ್‌ನಲ್ಲಿ ಅಚ್ಚಾದ ದರದ ಕಾಲಂ ನಂಬಬೇಡಿ. ಕೆಲವರು 5 ಅಂತ ಹಾಕ್ತಾರೆ, ಕೆಲವರು 2.5 ಅಂತ, ಸ್ಕ್ಯಾನ್‌ನಲ್ಲಿ ಚುಕ್ಕೆ ಬಿಟ್ಟುಹೋದರೆ ಅದೇ 25. ಹಾಕಿದ ತೆರಿಗೆಯನ್ನು ರೂಪಾಯಿಯಲ್ಲೇ ನೋಡಿ. F ರಿಯಾಯಿತಿ ಕಳೆದ ಮೇಲಿನ ತೆರಿಗೆ ಮೌಲ್ಯ, G, H, I ಮೂರು ತೆರಿಗೆ ಕಾಲಂ ಅಂದುಕೊಂಡರೆ:

```
=ROUND(F2*5%-(G2+H2+I2),2)
```

ಒಂದೆರಡು ಪೈಸೆ ವ್ಯತ್ಯಾಸ ಬಂದರೆ ಬಿಟ್ಟುಬಿಡಿ. ಶೇಕಡಾ ಲೆಕ್ಕ ಹಾಕಿ 5ಕ್ಕೆ ಸಮ ಇದೆಯಾ ಅಂತ ಕೇಳಿದರೆ ಸಣ್ಣ ಮೊತ್ತದಲ್ಲಿ ಸುಮ್ನೆ ಕೆಂಪಾಗುತ್ತೆ. 38.10 ರೂಪಾಯಿಯ ಸಾಲಿಗೆ 95 ಪೈಸೆ ಎರಡು ಸಲ ಹಾಕಿರ್ತಾರೆ, ಶೇಕಡಾ ತೆಗೆದರೆ 4.99.

ಈಗ ಬೇಳೆ. ನಿಮ್ಮ ಪಟ್ಟಿ ಒಂದು ಕೋಡಿಗೆ ಒಂದೇ ದರ ಅನ್ನುತ್ತೆ, ತೊಂದರೆ ಇರೋದೇ ಅಲ್ಲಿ. 2022ರ ಜುಲೈ 18ರಿಂದ ಬೇಳೆಕಾಳು ಮೊದಲೇ ಪ್ಯಾಕ್ ಆಗಿ ಲೇಬಲ್ ಹಚ್ಚಿಕೊಂಡು ಬಂದರೆ 5, ಬಿಡಿಯಾಗಿ ಬಂದರೆ ಸೊನ್ನೆ. ಒಂದೊಂದು ಪ್ಯಾಕ್ 25 ಕೆಜಿಗಿಂತ ಜಾಸ್ತಿ ಇದ್ದರೂ ಸೊನ್ನೆ. ಸರಿಯಾಗಿ 25 ಕೆಜಿ ಇದ್ದರೆ ತೆರಿಗೆ ಉಂಟು. ಅದಕ್ಕೂ ಹಿಂದೆ ಬ್ರ್ಯಾಂಡ್ ಮೇಲೆ ಲೆಕ್ಕ ಇತ್ತು, ಹಳೇ ಬಿಲ್ ತೆಗೆದರೆ ಅದು ಬೇರೆ ಕಥೆ.

ಅಂದರೆ ಕೋಡ್ ನೋಡಿ ದರ ಹೇಳೋಕಾಗಲ್ಲ, ಪ್ಯಾಕ್ ನೋಡಬೇಕು. ಬಿಲ್‌ನ ಪ್ರಮಾಣದ ಕಾಲಂನಲ್ಲಿ ಇರೋದು ಒಟ್ಟು ತೂಕ, ಪ್ಯಾಕ್ ತೂಕ ಅಲ್ಲ. 1 ಕೆಜಿಯ 60 ಪ್ಯಾಕೆಟ್ ತಂದರೆ ಕಾಲಂನಲ್ಲಿ 60 KGS ಅಂತಲೂ ಇರಬಹುದು, ಐಎಫ್ ಅದಕ್ಕೆ ಸೊನ್ನೆ ಅಂದುಬಿಡುತ್ತೆ. ಪ್ಯಾಕ್ ತೂಕ ಸಿಗೋದು ಸರಕಿನ ವಿವರದಲ್ಲಿ. ಕೆಂಪಾದ ಬಿಲ್ ಒಂದನ್ನು ಇಲ್ಲಿ ಹಾಕಿ, ನೋಡೋಣ.

ಪ್ರಶ್ನೆ ಕೇಳಿದವರು:
ಗಂಜ್‌ನ ಒಬ್ಬ ಸಗಟು ವ್ಯಾಪಾರಿಯ ಬಿಲ್ ಸರ್. ಮೂರು ಸಾಲು, ಮೂರಕ್ಕೂ 0713.
TOOR DAL 30KG BAG, 10 ಚೀಲ, 33,000 ರೂ., ತೆರಿಗೆ ಇಲ್ಲ.
TOOR DAL 1KG PKT, 60, 7,200 ರೂ., ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180.
TOOR DAL 1KGX30 BAG, 2 ಚೀಲ, 7,080 ರೂ., ತೆರಿಗೆ ಇಲ್ಲ.
ಪಟ್ಟಿಯಲ್ಲಿ 5 ಇದೆ, ಅದಕ್ಕೆ ಮೊದಲನೇದು, ಮೂರನೇದು ಕೆಂಪು.

ಕಿರಾಣಿ ಅಂಗಡಿ, ಬೀದರ್:
ನಮ್ಮದೂ ಇದೇ ಗೋಳು ರೀ. ಹೈದರಾಬಾದ್‌ನಿಂದ ಮಾಲು ತರಿಸ್ತೀವಿ, 5 ಹಾಕಿ ಕಳಿಸಿದ್ರೂ ಶೀಟ್ ಸೊನ್ನೆ ಅನ್ನುತ್ತೆ.

ತೆರಿಗೆ ಸಲಹೆಗಾರ, ಬೀದರ್:
ನಿಮ್ಮದು ಬೇರೆ ಗೋಳು ಅಣ್ಣ. ತೆಲಂಗಾಣದ ಬಿಲ್‌ನಲ್ಲಿ ಪೂರ್ತಿ ತೆರಿಗೆ ಐಜಿಎಸ್‌ಟಿ ಕಾಲಂನಲ್ಲಿ ಇರುತ್ತೆ, ನಿಮ್ಮ ಶೀಟ್ ಸಿಜಿಎಸ್‌ಟಿ ಒಂದನ್ನೇ ನೋಡ್ತಿರಬೇಕು. ಮೂರೂ ಕೂಡಿಸಿ. ಕಳಿಸಿದವರ ಜಿಎಸ್‌ಟಿ ನಂಬರ್ 36ರಿಂದ ಶುರುವಾದರೆ ತೆಲಂಗಾಣ, ನಮ್ಮದು 29.

ಕಲಬುರಗಿಯವರ ಬಿಲ್‌ಗೆ ಬರ್ತೀನಿ. ಮೊದಲನೇ ಸಾಲು ಸರಿ ಇದೆ, ಒಂದೊಂದು ಚೀಲ 30 ಕೆಜಿ. ಎರಡನೇದೂ ಸರಿ, 7,200ಕ್ಕೆ 360. ಮೂರನೇ ಸಾಲು ನೋಡಿ. ಚೀಲ 30 ಕೆಜಿ ತೂಗಿದರೂ ಒಳಗೆ ಇರೋದು ಗಿರಾಕಿ ಕೈಗೆ ಹೋಗೋ 1 ಕೆಜಿ ಪ್ಯಾಕೆಟ್. ದೊಡ್ಡ ಚೀಲದಲ್ಲಿ ತುಂಬಿ ಕಳಿಸಿದ ಮಾತ್ರಕ್ಕೆ ತೆರಿಗೆ ತಪ್ಪಲ್ಲ. 2022ರಲ್ಲಿ ಕೇಂದ್ರ ಕೊಟ್ಟ ಪ್ರಶ್ನೋತ್ತರದಲ್ಲೇ 10 ಕೆಜಿಯ 10 ಪ್ಯಾಕ್ ಒಂದು ದೊಡ್ಡ ಪ್ಯಾಕ್‌ನಲ್ಲಿ ಬಂದರೆ ತೆರಿಗೆ ಇದೆ ಅಂತ ಉದಾಹರಣೆ ಇದೆ. ಇಲ್ಲಿ 7,080ಕ್ಕೆ 354 ರೂ. ಹಾಕಬೇಕಿತ್ತು.

ನಿಮ್ಮ ಶೀಟ್ ಎರಡು ಸಾಲನ್ನು ಕೆಂಪು ಮಾಡಿತು, ತಪ್ಪು ಇದ್ದದ್ದು ಒಂದರಲ್ಲಿ. ಚೀಲದ ತೂಕ ನೋಡೋ ಐಎಫ್ ಹಾಕಿದ್ದರೆ ಆ ಒಂದೂ ಹಸಿರಾಗಿ ದಾಟಿಹೋಗ್ತಿತ್ತು.

ಪಟ್ಟಿಯಲ್ಲಿ 0713ಕ್ಕೆ ಎರಡು ಸಾಲು ಮಾಡಿ, ಸೊನ್ನೆ ಒಂದು, 5 ಒಂದು, ಪಕ್ಕದಲ್ಲಿ ಷರತ್ತು, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಅಂತ. ತಾರೀಕು ಬೇಳೆಗಿಂತ ಬೇರೆ ಸಾಮಾನಿಗೆ ಜಾಸ್ತಿ ಬೇಕಾಗುತ್ತೆ. ತುಪ್ಪ, 0405, 2025ರ ಸೆಪ್ಟೆಂಬರ್ 21ರವರೆಗೆ 12, ಮರುದಿನದಿಂದ 5. ಹಳೇ ಬಿಲ್ ತಡವಾಗಿ ಸ್ಕ್ಯಾನ್ ಆದರೆ ಇವತ್ತಿನ ದರಕ್ಕೆ ಹೋಲಿಸಬೇಡಿ. ತೆರಿಗೆ ಎರಡು ದರದಲ್ಲಿ ಯಾವುದಕ್ಕೂ ಹೊಂದದಿದ್ದರೆ, ಇಲ್ಲಾ ವಿವರದಲ್ಲಿರೋ ಪ್ಯಾಕ್ ತೂಕದ ಷರತ್ತಿಗೆ ಹೊಂದದಿದ್ದರೆ ಕೆಂಪು. ಒಂದಕ್ಕೆ ಹೊಂದಿ, ವಿವರದಲ್ಲಿ ಪ್ಯಾಕ್ ತೂಕ ಸಿಗದಿದ್ದರೆ ಹಳದಿ. ಹಳದಿಯನ್ನು ಮನುಷ್ಯರೇ ನೋಡಬೇಕು, ಗೋದಾಮಿಗೆ ಫೋನ್ ಮಾಡಿ ಚೀಲ ಬಿಚ್ಚಿಸಿದರೂ ಸರಿ.

ಪ್ರಶ್ನೆ ಕೇಳಿದವರು:
ಸರಿ ಸರ್. ಇನ್ನೊಬ್ಬರು ಉಲ್ಟಾ ಮಾಡ್ತಾರೆ, 30 ಕೆಜಿ ಚೀಲಕ್ಕೂ 5 ಹಾಕಿ ಕಳಿಸ್ತಾರೆ. ಆ ತೆರಿಗೆ ಕ್ರೆಡಿಟ್ ತಗೋಬಹುದಾ?

ಟ್ಯಾಲಿ ಆಪರೇಟರ್, ಯಾದಗಿರಿ:
ಅವರು ಕಟ್ಟಿದ್ದಾರೆ, ಜಿಎಸ್‌ಟಿ ಪೋರ್ಟಲ್‌ನ 2ಬಿಯಲ್ಲಿ ಬಂದಿದೆ ಅಂದಮೇಲೆ ತಗೊಳ್ಳಿ. ಸರ್ಕಾರಕ್ಕೆ ದುಡ್ಡು ಹೋಗಿದೆಯಲ್ವಾ?

ತೆರಿಗೆ ಸಲಹೆಗಾರ, ಬೀದರ್:
ಹಾಗೆ ವಾದ ಮಾಡೋರು ಇದ್ದಾರೆ, ಬರಬೇಕಿಲ್ಲದ ತೆರಿಗೆಗೆ ಕ್ರೆಡಿಟ್ ಇಲ್ಲ ಅನ್ನೋ ಅಧಿಕಾರಿಗಳೂ ಇದ್ದಾರೆ. ನಾನಾಗಿದ್ರೆ ಕ್ರೆಡಿಟ್ ನೋಟ್ ಕೇಳ್ತೀನಿ. ಅದೂ ಅಲ್ಲದೆ ನೀವು ಆ ಚೀಲ ಬಿಚ್ಚಿ ಬಿಡಿಯಾಗಿ ಮಾರಿದರೆ ಮಾರಾಟಕ್ಕೆ ತೆರಿಗೆ ಇಲ್ಲ, ಆಗ ಅದರ ಕ್ರೆಡಿಟ್ ಹೇಗೂ ನಿಲ್ಲಲ್ಲ.

ಪ್ರಶ್ನೆ ಕೇಳಿದವರು:
ಅರ್ಧ ಬಿಡಿಯಾಗಿ ಹೋಗುತ್ತೆ, ಇನ್ನರ್ಧ ನಾವೇ ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾರ್ತೀವಿ ಸರ್...

ತೆರಿಗೆ ಸಲಹೆಗಾರ, ಬೀದರ್:
ಹಂಗಾದ್ರೆ ಆ ಪ್ಯಾಕೆಟ್ ಮಾರಾಟಕ್ಕೆ ನೀವು 5 ಹಾಕ್ತಿದ್ದೀರಾ, ಮೊದಲು ಅದನ್ನ ಹೇಳಿ.