ಕ್ರೇಪ್ ರೇಷ್ಮೆ ಸೀರೆ ಒಗೆದ ಮೇಲೆ ಅಗಲ ಕಮ್ಮಿ, ಫಾಲ್ ಸುಕ್ಕು: ಸರಿಹೋಗುತ್ತಾ?

ಸಂಪಿಗೆ_ತುಮಕೂರು
ಮೈಸೂರು ಕ್ರೇಪ್ ರೇಷ್ಮೆ ಸೀರೆ, ಮೊದಲ ಸಲ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಸಿ ಒಗೆದೆ. 46 ಇಂಚು ಇದ್ದ ಅಗಲ ಒಡಲಲ್ಲಿ ಈಗ 43. ಜರಿ ತುಂಬಿದ ಸೆರಗಿನ ಹತ್ತಿರ ಮಾತ್ರ 45½. ಇವೆರಡೂ ಸೇರುವ ಕಡೆ ಬಟ್ಟೆ ಉಬ್ಬಿಕೊಂಡಿದೆ. ಉದ್ದ ಹೆಚ್ಚೇನೂ ಹೋಗಿಲ್ಲ, ಆದರೆ ಫಾಲ್ ಉದ್ದಕ್ಕೂ ಸುಕ್ಕು. ಸೀರೆ ಕೆಟ್ಟಿತೇ?

ಜರಿಅಂಚು
ಅಸಲಿ ರೇಷ್ಮೆ ಕುಗ್ಗಲ್ಲ ಮೇಡಂ, ಮಿಕ್ಸ್ ಇರಬೇಕು. ಮುಂದಿನ ಸಲ ಒಂದು ಹಿಡಿ ಉಪ್ಪು ಹಾಕಿ ನೆನೆಸಿ. ತಣ್ಣೀರಲ್ಲೇ ಒಗೆಯಿರಿ, ಹಿಂಡಬೇಡಿ.

ಹಾಸುಹೊಕ್ಕು
ತಣ್ಣೀರು, ಹಿಂಡಬಾರದು ಅನ್ನೋದು ಸರಿ. ಉಳಿದದ್ದು ಒಪ್ಪಲಾಗದು. ಉಪ್ಪಿಗೂ ಕುಗ್ಗುವುದಕ್ಕೂ ಸಂಬಂಧವಿಲ್ಲ. ಕುಗ್ಗಿದ ಮಾತ್ರಕ್ಕೆ ರೇಷ್ಮೆ ನಕಲಿಯೂ ಆಗುವುದಿಲ್ಲ.

ಇಂಥ ಕ್ರೇಪ್‌ನಲ್ಲಿ ಹಾಸಿನ ನೂಲಿಗೆ ಹುರಿ ಕಡಿಮೆ. ಹೊಕ್ಕಿನ ನೂಲಿಗೆ ಮೀಟರಿಗೆ 2000ಕ್ಕೂ ಹೆಚ್ಚು ಸುತ್ತು ಹುರಿ ಕೊಟ್ಟಿರುತ್ತಾರೆ, ಎರಡೆಳೆ ಬಲಕ್ಕೆ, ಎರಡೆಳೆ ಎಡಕ್ಕೆ. ನೆನೆದಾಗ ಎಳೆ ದಪ್ಪವಾಗುತ್ತದೆ. ದಪ್ಪವಾದ ಎಳೆಯನ್ನು ಅಷ್ಟೇ ಸುತ್ತು ಬಳಸಲು ಹೆಚ್ಚು ಉದ್ದ ಬೇಕು, ಅದು ಎಲ್ಲಿಂದ ಬರಬೇಕು? ನೂಲೇ ಗಿಡ್ಡವಾಗುತ್ತದೆ. ಬಾವಿ ಹಗ್ಗ ನೆನೆದರೆ ಬಿಗಿಯುವುದೂ ಹೀಗೆಯೇ. ಹೊಕ್ಕು ಅಗಲದ ದಿಕ್ಕಿಗೆ ಓಡುವುದರಿಂದ ನಿಮಗೆ ಅಗಲ ಹೋಗಿದೆ, ಉದ್ದ ಉಳಿದಿದೆ. ಸೆರಗಿನಲ್ಲಿ ಜರಿ ಎಳೆ ಅಗಲವನ್ನು ಹಿಡಿದು ನಿಲ್ಲಿಸಿದೆ. ಉಬ್ಬು ಬಂದದ್ದು ಅದಕ್ಕೆ.

ನೇಯ್ದ ಮೇಲೆ ಬಿಸಿ ಸೋಪುನೀರಲ್ಲಿ ಅಂಟು ತೆಗೆದಾಗಲೇ ಬಟ್ಟೆ ಒಮ್ಮೆ ಜೋರಾಗಿ ಕುಗ್ಗಿರುತ್ತದೆ. ಆಮೇಲೆ ಎಳೆದು ಅಗಲಕ್ಕೆ ತರುತ್ತಾರೆ. ಮನೆಯ ನೀರು ಬಿಡಿಸಿದ್ದು ಆ ಎಳೆತವನ್ನು, ಹಾಗಾಗಿ ಬಹುಪಾಲು ವಾಪಸ್ ಬರುತ್ತದೆ.

ಕುರ್ತಾಪ್ರಿಯ
ನನ್ನ ಕ್ರೇಪ್ ಕುರ್ತಾ ಹತ್ತು ಸಲ ಒಗೆದರೂ ಏನೂ ಆಗಿಲ್ಲ. ಮೆಷಿನ್‌ಗೇ ಹಾಕ್ತೀನಿ. ಸೀರೆಗೂ ಜೆಂಟಲ್ ಮೋಡ್ ಸಾಕಲ್ವಾ?

ಹಾಸುಹೊಕ್ಕು
ನಿಮ್ಮದು ಪಾಲಿಯೆಸ್ಟರ್ ಇರಬೇಕು. ಅದು ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಹುರಿಯನ್ನೂ ಶಾಖದಲ್ಲಿ ಗಟ್ಟಿ ಮಾಡಿರುತ್ತಾರೆ. ವಿಸ್ಕೋಸ್ ಕ್ರೇಪ್ ಆಗಿದ್ದರೆ ರೇಷ್ಮೆಗಿಂತಲೂ ಜಾಸ್ತಿ ಉಬ್ಬುತ್ತದೆ, ಒದ್ದೆಯಲ್ಲಿ ಬಲವೂ ಕಮ್ಮಿ. ಅಂಚಿಂದ ಒಂದು ಹೊಕ್ಕಿನ ಎಳೆ ಬಿಡಿಸಿ ಸಡಿಲ ಬಿಡಿ, ತನ್ನಷ್ಟಕ್ಕೆ ಸುರುಳಿ ಸುತ್ತಿದರೆ ಹುರಿ ಜೋರಿದೆ. ಅದರ ಮೇಲೆ ಒಂದು ಹನಿ ನೀರು ಹಾಕಿ, ಇನ್ನೂ ಗಿಡ್ಡವಾದರೆ ಬಕೆಟ್ಟಿನಲ್ಲೂ ಅದೇ ಆಗುತ್ತದೆ. ರೇಷ್ಮೆ ಕ್ರೇಪ್ ಸೀರೆಗೆ ಮೆಷಿನ್ ಬೇಡ.

ಸಂಪಿಗೆಯವರೇ, ಮೊದಲು ಫಾಲ್ ಬಿಚ್ಚಿ. ಅದು ಉದ್ದಕ್ಕೆ ಸುಕ್ಕಾಗಿರುವುದು ಕ್ರೇಪ್‌ನಿಂದಲ್ಲ. ನೆನೆಸದೆ ಹೊಲಿದ ಹತ್ತಿ ಫಾಲ್ ತಾನೇ ಕುಗ್ಗಿದೆ. ಸೀರೆಯನ್ನು ತಣ್ಣೀರಲ್ಲಿ ಎರಡು ಮೂರು ನಿಮಿಷ ಅದ್ದಿ, ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಬೆಡ್‌ಶೀಟ್ ಮೇಲೆ ಒಳಮೈ ಮೇಲಾಗುವಂತೆ ಹಾಸಿ. ಇಬ್ಬರು ಎದುರುಬದುರು ಕೂತು ಎರಡೂ ಅಂಚನ್ನು ಅಂಗೈಯಗಲ ಹಿಡಿದು, ಒಂದೊಂದು ಮೀಟರ್ ಭಾಗವಾಗಿ, ಅರ್ಧರ್ಧ ಇಂಚು ಎಳೆಯುತ್ತಾ ಹೋಗಿ. ಬೆರಳ ತುದಿಯಲ್ಲಿ ಎಳೆದರೆ ಅಂಚು ಅಲೆಅಲೆಯಾಗುತ್ತದೆ. 45 ಬಂದರೆ ನಿಲ್ಲಿಸಿ. 46ಕ್ಕೇ ತರಲು ಹೋದರೆ ಕ್ರೇಪ್‌ನ ತರಿ ಸತ್ತು ಬಟ್ಟೆ ಚಪ್ಪಟೆಯಾಗುತ್ತದೆ, ಮುಂದಿನ ಒಗೆತಕ್ಕೆ ಮತ್ತೆ ಅಷ್ಟೇ ಕುಗ್ಗುತ್ತದೆ. ಅಂಚಿನ ಮೇಲೆ ಪುಸ್ತಕ ಇಟ್ಟು ನೆರಳಲ್ಲಿ ಬಿಡಿ, ಮುಕ್ಕಾಲು ಒಣಗಿದಾಗ ತೆಳು ಹತ್ತಿ ಬಟ್ಟೆ ಮುಚ್ಚಿ ರೇಷ್ಮೆ ಶಾಖದಲ್ಲಿ ಇಸ್ತ್ರಿ. ಸ್ಟೀಮ್ ಬೇಡ, ನೀರು ಚಿಮುಕಿಸಲೂಬೇಡಿ: ಹನಿ ಬಿದ್ದಷ್ಟು ಜಾಗ ಮಾತ್ರ ಕುಗ್ಗಿ ಬೊಕ್ಕೆಯಂತೆ ಏಳುತ್ತದೆ.

ಸೂಜಿದಾರ
ಸುಮ್ಮನೆ ರೋಲ್ ಪಾಲಿಶ್‌ಗೆ ಕೊಡಿ ಅಕ್ಕ, ಅಗಲ ಪೂರ್ತಿ ಬರುತ್ತೆ. ಹೊಸ ಫಾಲ್ ರಾತ್ರಿಯಿಡೀ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹೊಲಿಸಿ. ಹೊಲಿಗೆ ಬಿಗಿ ಬೇಡ. ಬ್ಲೌಸ್ ಪೀಸ್ ಕತ್ತರಿಸುವ ಮುಂಚೆಯೂ ಒಮ್ಮೆ ನೆನೆಸಿಬಿಡಿ.

ಹಾಸುಹೊಕ್ಕು
ನೆನೆಸಿದ ಫಾಲ್ ಬಗ್ಗೆ ಎರಡು ಮಾತಿಲ್ಲ. ರೋಲ್‌ನಲ್ಲಿ ಬಂದ ಅಗಲ ಮುಂದಿನ ಒಗೆತದವರೆಗೆ ಮಾತ್ರ, ಕೆಲವರು ಗಂಜಿ ಹಾಕಿಬಿಡುತ್ತಾರೆ. ಗಂಜಿ ಬೇಡವೆಂದು ಮೊದಲೇ ಹೇಳಿ.

ಸಂಪಿಗೆ_ತುಮಕೂರು
ಫಾಲ್ ಬಿಚ್ಚಿ ಹೇಳಿದಂತೆ ಮಾಡಿದೆವು. ಒಡಲು 44¾ ಬಂದಿದೆ, ತರಿಯೂ ಉಳಿದಿದೆ. ಸೆರಗಿನ ಉಬ್ಬು ಅರ್ಧ ಮಾತ್ರ ಇಳಿದಿದೆ. ಇನ್ನೊಮ್ಮೆ ಅದ್ದಬೇಕಾ?

ಹಾಸುಹೊಕ್ಕು
ಪೂರ್ತಿ ಅದ್ದಬೇಡಿ. ಉಬ್ಬಿನ ಆಚೆ ಈಚೆ ಒಂದಡಿ, ಅಂಚಿಂದ ಅಂಚಿಗೆ ಸಮವಾಗಿ ಒದ್ದೆ ಟವೆಲ್ ಒತ್ತಿ, ಒಡಲ ಕಡೆಯನ್ನು ಮಾತ್ರ ಎಳೆಯಿರಿ. ಜರಿ ಎಳೆ ಬಾಗಿಬಿಟ್ಟಿದ್ದರೆ ಪೂರ್ತಿ ಇಳಿಯಲಿಕ್ಕಿಲ್ಲ.

ಜರಿಅಂಚು
ಉಪ್ಪು ಬಣ್ಣಕ್ಕಾದರೂ ಒಳ್ಳೇದು ಅಂತ ನಮ್ಮ ಕಡೆ ಹಾಕೇ ಹಾಕ್ತಾರೆ.

ಹಾಸುಹೊಕ್ಕು
ಜರಿ ಇರುವ ಸೀರೆಗೆ ನಾನಂತೂ ಹಾಕಲಾರೆ. ಉಪ್ಪುನೀರು ಜರಿಯನ್ನು ಕಪ್ಪಾಗಿಸುತ್ತದೆ.