ಪದಚರ್ಚೆ: ಲಾರಿಯ ಪಾರ್ಕಿಂಗ್ ಬ್ರೇಕನ್ನು ಹಿಡಿಯುವುದು ಗಾಳಿಯೋ, ಸ್ಪ್ರಿಂಗೋ?

ಪ್ರಶ್ನೆ: ಮೈಸೂರಿನಿಂದ, ಕೈಪಿಡಿಯೊಂದರ ಸಂಪಾದಕಿ

ಬಳಗದವರಿಗೆ ನಮಸ್ಕಾರ. ಲಾರಿ ಮತ್ತು ಬಸ್ ಚಾಲಕರ ತರಬೇತಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಏರ್ ಬ್ರೇಕ್ ಅಧ್ಯಾಯದ ಎರಡು ವಾಕ್ಯಗಳು ಒಂದಕ್ಕೊಂದು ಜಗಳವಾಡುತ್ತಿವೆ. ಒಂದು ಪುಟದಲ್ಲಿ “ಟ್ಯಾಂಕಿನಲ್ಲಿ ಗಾಳಿ ಇಳಿದರೆ ಬ್ರೇಕ್ ಹಿಡಿಯುವುದಿಲ್ಲ” ಎಂದಿದೆ. ಮುಂದಿನ ಪುಟದಲ್ಲಿ “ಗಾಳಿ ಇಳಿದರೆ ಬ್ರೇಕ್ ತಾನಾಗಿ ಹಿಡಿಯುತ್ತದೆ” ಎಂದಿದೆ. ಎರಡೂ ಮೂಲದಲ್ಲಿ ಇರುವಂತೆಯೇ ಇವೆ ಎಂದು ಅನುವಾದಕರು ಹೇಳುತ್ತಾರೆ.

ಇನ್ನೊಂದು ತೊಡಕು “ಬಿಡು” ಎಂಬ ಕ್ರಿಯಾಪದದ್ದು. ಕರಡಿನಲ್ಲಿ “ಗಾಳಿ ಬಿಟ್ಟರೆ ಪಾರ್ಕಿಂಗ್ ಬ್ರೇಕ್ ಬಿಡುತ್ತದೆ” ಎಂಬ ವಾಕ್ಯವಿದೆ. ಪೈಪಿಗೆ ನೀರು ಬಿಟ್ಟರು ಎಂದರೆ ಒಳಗೆ ಹರಿಸಿದರು. ಟೈರಿನ ಗಾಳಿ ಬಿಟ್ಟರು ಎಂದರೆ ಹೊರಗೆ ಹೋಗಗೊಟ್ಟರು. ಇಲ್ಲಿ ಯಾವುದು? ಚಾಲಕನು ತಪ್ಪಾಗಿ ಓದಿಕೊಂಡರೆ ಏನಾದೀತು ಎಂಬ ಭಯವೂ ಇದೆ. ತಿಳಿದವರು ಹೇಳಬೇಕು.

ಉತ್ತರ: ಹುಬ್ಬಳ್ಳಿಯಿಂದ, ರೈಲ್ವೆಯಿಂದ ನಿವೃತ್ತರಾದವರು

ಮೊದಲ ವಾಕ್ಯವನ್ನು ತೆಗೆದುಹಾಕಿ. ಏರ್ ಬ್ರೇಕಿನ ತತ್ವವೇ ಎರಡನೆಯದು. ರೈಲಿನಲ್ಲಿ ಉದ್ದಕ್ಕೂ ಹಾದುಹೋಗುವ ಬ್ರೇಕ್ ಪೈಪಿನಲ್ಲಿ 5 ಕೆ.ಜಿ. ಒತ್ತಡ ಇರುವಷ್ಟು ಹೊತ್ತು ಬ್ರೇಕ್ ಬಿಟ್ಟಿರುತ್ತದೆ. ಒತ್ತಡ ಇಳಿದರೆ ಹಿಡಿಯುತ್ತದೆ. ಬೋಗಿಗಳು ತುಂಡಾದರೆ ಪೈಪ್ ಕಳಚಿ ಎರಡೂ ಭಾಗಗಳು ನಿಲ್ಲುತ್ತವೆ. ವೆಸ್ಟಿಂಗ್‌ಹೌಸ್ 1872ರಲ್ಲಿ ತಂದದ್ದು ಇದನ್ನೇ. ಲಾರಿಯಲ್ಲಿ ಬೇರೆ ಇರಲು ಕಾರಣವಿಲ್ಲ.

ಉತ್ತರ: ದಾವಣಗೆರೆಯಿಂದ, ಬಸ್ ಡಿಪೊ ವರ್ಕ್‌ಶಾಪಿನಲ್ಲಿ ಬ್ರೇಕ್ ವಿಭಾಗ ನೋಡಿಕೊಂಡವರು

ಹುಬ್ಬಳ್ಳಿಯ ಹಿರಿಯರು ರೈಲಿನ ಬಗ್ಗೆ ಹೇಳಿದ್ದು ಸರಿ. ಆದರೆ ದಯವಿಟ್ಟು ಮೊದಲ ವಾಕ್ಯವನ್ನು ತೆಗೆಯಬೇಡಿ. ಅದು ಕಾಲಿನ ಬ್ರೇಕಿನ ಮಾತು, ಎರಡನೆಯದು ಪಾರ್ಕಿಂಗ್ ಬ್ರೇಕಿನ ಮಾತು. ಯಾವ ಬ್ರೇಕ್ ಎಂದು ಹೇಳದೆ ಹೋದದ್ದೇ ಕರಡಿನ ದೋಷ.

ರೈಲಿನ ಪ್ರತಿ ಬೋಗಿಯಲ್ಲೂ ತನ್ನದೇ ಗಾಳಿಯ ದಾಸ್ತಾನು ಇರುತ್ತದೆ. ಪೈಪಿನ ಒತ್ತಡ ಇಳಿದಾಗ ಬೋಗಿಯ ಬ್ರೇಕನ್ನು ಒತ್ತುವುದು ಆ ಗಾಳಿಯೇ. ಲಾರಿ ಹಾಗಲ್ಲ. ಎಂಜಿನ್ ತಿರುಗಿಸುವ ಕಂಪ್ರೆಸರ್ ಟ್ಯಾಂಕುಗಳಿಗೆ ಸುಮಾರು 8 ಬಾರ್‌ವರೆಗೆ ಗಾಳಿ ತುಂಬುತ್ತದೆ. ಪೆಡಲ್ ಒತ್ತಿದಾಗ, ಒತ್ತಿದ ಪ್ರಮಾಣಕ್ಕೆ ತಕ್ಕಷ್ಟು ಗಾಳಿ ಚಕ್ರದ ಬಳಿಯ ಬ್ರೇಕ್ ಚೇಂಬರಿಗೆ ಹೋಗಿ ರಬ್ಬರ್ ಡಯಾಫ್ರಾಮನ್ನು ತಳ್ಳುತ್ತದೆ. ಹಿಂದಿನ ಚಕ್ರದ ಚೇಂಬರಿನಲ್ಲಿ ಡಯಾಫ್ರಾಮಿನ ವಿಸ್ತೀರ್ಣ ಸುಮಾರು 190 ಚದರ ಸೆಂ.ಮೀ. ಎಂದಿಟ್ಟುಕೊಳ್ಳಿ. 6 ಬಾರ್ ಗಾಳಿ ಹೋದರೆ ಪುಶ್ ರಾಡಿನ ಮೇಲೆ 1,100 ಕಿಲೋ ಮೀರಿದ ತಳ್ಳು ಬೀಳುತ್ತದೆ. ಅದು ಲೈನರ್ ಸವೆದಂತೆ ಅಂತರ ಸರಿಪಡಿಸುವ ತೋಳಾದ ಸ್ಲ್ಯಾಕ್ ಅಡ್ಜಸ್ಟರನ್ನು ತಿರುಗಿಸುತ್ತದೆ, ಕ್ಯಾಮ್ ತಿರುಗುತ್ತದೆ, ಲೈನರುಗಳು ಡ್ರಮ್ಮಿಗೆ ಒತ್ತುತ್ತವೆ. ಇಲ್ಲಿ ಹಿಡಿಯುವುದು ಗಾಳಿ. ಗಾಳಿ ಇಲ್ಲದಿದ್ದರೆ ಕಾಲಿನ ಬ್ರೇಕ್ ಇಲ್ಲ.

ಅದೇ ಹಿಂದಿನ ಚೇಂಬರಿನ ಬೆನ್ನಿಗೆ ಇನ್ನೊಂದು ಕೋಣೆ ಅಂಟಿಕೊಂಡಿರುತ್ತದೆ. ಅದರೊಳಗೆ ಬಲವಾದ ಸುರುಳಿಯ ಸ್ಪ್ರಿಂಗ್ ಇದೆ. ಗಾಳಿ ಇಲ್ಲದಾಗ ಅದು ಹಿಗ್ಗಿ ಅದೇ ಪುಶ್ ರಾಡನ್ನು ತಳ್ಳಿ ಬ್ರೇಕ್ ಹಿಡಿಸುತ್ತದೆ. ಗಾಡಿ ಓಡಬೇಕಾದರೆ ಆ ಕೋಣೆಗೆ ಗಾಳಿ ತುಂಬಿ ಸ್ಪ್ರಿಂಗನ್ನು ಹಿಂದಕ್ಕೆ ಅದುಮಿ ಇಟ್ಟಿರಬೇಕು. ಇಲ್ಲಿ ಹಿಡಿಯುವುದು ಸ್ಪ್ರಿಂಗ್, ಬಿಡಿಸುವುದು ಗಾಳಿ. ಹಾಗಾಗಿ “ಗಾಳಿ ಬಿಟ್ಟರೆ ಬ್ರೇಕ್ ಬಿಡುತ್ತದೆ” ಎಂಬುದು ಅಪಾಯದ ವಾಕ್ಯ. “ಗಾಳಿ ತುಂಬಿದರೆ” ಎಂದು ಬರೆಯಿರಿ. “ಗಾಳಿ ಬಿಡು” ಎಂಬ ಪ್ರಯೋಗವನ್ನು ಆ ಅಧ್ಯಾಯದಿಂದಲೇ ತೆಗೆದುಬಿಡಿ.

ಉತ್ತರ: ಶಿವಮೊಗ್ಗದಿಂದ, ನಿವೃತ್ತ ಶಿಕ್ಷಕಿ

ನನ್ನದು ಬೇರೆ ಕುತೂಹಲ. ನಮ್ಮ ಮನೆ ಬಸ್ ನಿಲ್ದಾಣದ ಹತ್ತಿರವಿದೆ. ಬಸ್ಸು ಬಂದು ನಿಂತ ಮೇಲೆ “ಪುಸ್ಸ್” ಎಂದು ಜೋರಾಗಿ ಉಸಿರು ಬಿಡುವ ಸದ್ದು ಕೇಳುತ್ತದೆ. ಅದಕ್ಕೆ ಹೆಸರೇನಾದರೂ ಇದೆಯೇ? ಬ್ರೇಕ್ ಬಿಟ್ಟಾಗ ಬರುವ ಸದ್ದು ಎಂದೇ ಇಷ್ಟು ದಿನ ತಿಳಿದಿದ್ದೆ.

ಉತ್ತರ: ದಾವಣಗೆರೆಯಿಂದ

ಅಮ್ಮಾ, ಹೆಸರು ನನಗೆ ತಿಳಿಯದು, ಆದರೆ ನಿಮ್ಮ ಪ್ರಶ್ನೆಯಲ್ಲಿಯೇ ಒಳ್ಳೆಯ ಸಾಕ್ಷಿ ಇದೆ. ಬಸ್ಸು ಪೂರ್ತಿ ನಿಂತ ಮೇಲೆ ಬರುವ ಆ ದೀರ್ಘ ಸದ್ದು ಹೆಚ್ಚಾಗಿ ಚಾಲಕನು ಡ್ಯಾಶ್‌ಬೋರ್ಡಿನ ಸಣ್ಣ ಲಿವರನ್ನು ಪಾರ್ಕಿಂಗ್ ಸ್ಥಾನಕ್ಕೆ ಎಳೆದಾಗಿನದು. ಸ್ಪ್ರಿಂಗ್ ಕೋಣೆಯ ಗಾಳಿ ಹೊರಗೆ ಹೋಗುತ್ತಿದೆ, ಅಂದರೆ ಬ್ರೇಕ್ ಹಿಡಿಯುತ್ತಿದೆ. ಕಾಲಿನ ಬ್ರೇಕನ್ನು ಬಿಟ್ಟಾಗಲೂ ಗಾಳಿ ಹೊರಬರುತ್ತದೆ. ಅಲ್ಲಿ ನಿಮ್ಮ ಎಣಿಕೆ ಸರಿ. ಎಂಜಿನ್ ಓಡುತ್ತಿರುವಾಗ, ಚಾಲಕ ಏನನ್ನೂ ಮುಟ್ಟದೆಯೇ ಆಗಾಗ ಸಿಡಿದಂತೆ ಕೇಳುವ ಸದ್ದು ಮೂರನೆಯದು: ಟ್ಯಾಂಕ್ ತುಂಬಿತೆಂದು ಕಂಪ್ರೆಸರಿನ ಹೊರೆ ಇಳಿಸಿ, ಡ್ರೈಯರಿನಲ್ಲಿ ಕೂಡಿದ ತೇವವನ್ನು ಹೊರಗೆ ಹಾಕುವುದು.

ಉತ್ತರ: ಚಿತ್ರದುರ್ಗದಿಂದ, ಲಾರಿ ಮಾಲೀಕರು

ನಮ್ಮ ಕಡೆ ಇದನ್ನೆಲ್ಲ “ಏರ್ ಇಳಿದಿದೆ, ಬ್ರೇಕ್ ಜಾಮ್ ಆಗಿದೆ” ಎನ್ನುತ್ತಾರೆ. ಹೋದ ಚಳಿಗಾಲದಲ್ಲಿ ನನ್ನ ಲಾರಿ ರಾತ್ರಿ ನಿಂತದ್ದು ಬೆಳಗ್ಗೆ ಅಲುಗಾಡಲಿಲ್ಲ. ಚಾಲಕ ಎಂಜಿನ್ ಚಾಲೂ ಮಾಡಿ, ಗಾಳಿಯ ಮೀಟರಿನ ಮುಳ್ಳು 4 ದಾಟಿದ ಕೂಡಲೇ ಲಿವರ್ ಇಳಿಸಿ ಹೊರಟ. ಗಾಡಿ ಭಾರವಾಗಿ ಎಳೆಯುತ್ತಿತ್ತಂತೆ. ಊರಾಚೆ ಹೋಗುವಷ್ಟರಲ್ಲಿ ಹಿಂದಿನ ಡ್ರಮ್ಮಿನಿಂದ ಹೊಗೆ. ಮೆಕ್ಯಾನಿಕ್ ಲೈನರ್ ಸುಟ್ಟಿದೆ ಎಂದ. ಇದು ಲೈನರಿನ ದೋಷವೋ, ಚಾಲಕನದೋ? ಒಂದು ಸಮಾಧಾನವೆಂದರೆ, ಸ್ಪ್ರಿಂಗ್ ಇರುವುದರಿಂದ ಎಂಥ ಇಳಿಜಾರಿನಲ್ಲಿ ನಿಲ್ಲಿಸಿದರೂ ಚಿಂತೆ ಇಲ್ಲ.

ಉತ್ತರ: ದಾವಣಗೆರೆಯಿಂದ

ಲೈನರಿನದ್ದಲ್ಲ ಎಂದು ನನ್ನ ಅಭಿಪ್ರಾಯ. ರಾತ್ರಿಯಿಡೀ ಎಲ್ಲಿಯೋ ಗಾಳಿ ಸೋರಿದೆ. ಆ ಸ್ಪ್ರಿಂಗನ್ನು ಪೂರ್ತಿ ಹಿಂದಕ್ಕೆ ಅದುಮಲು ಸಾಮಾನ್ಯವಾಗಿ 5 ಬಾರ್‌ಗಿಂತ ಹೆಚ್ಚು ಬೇಕು. 4ರಲ್ಲಿ ಅದು ಅರ್ಧ ಸರಿದಿರುತ್ತದೆ, ಅರ್ಧ ಹಿಡಿದಿರುತ್ತದೆ. ಎಂಜಿನ್ನಿಗೆ ಬಲವಿರುವುದರಿಂದ ಗಾಡಿ ಹೊರಡುತ್ತದೆ, ಲೈನರ್ ಡ್ರಮ್ಮನ್ನು ಉಜ್ಜುತ್ತಲೇ ಇರುತ್ತದೆ. ಗಾಳಿ ಕಡಿಮೆ ಇದೆ ಎಂದು ಕೂಗುವ ಬಜರ್ ನಿಂತು, ಮುಳ್ಳು 7ರ ಹತ್ತಿರ ಬರುವವರೆಗೆ ಕಾಯಬೇಕಿತ್ತು. ಸೋರಿಕೆ ಎಲ್ಲಿ ಎಂದು ನೋಡಲು, ಚಕ್ರಕ್ಕೆ ಕಲ್ಲು ಕೊಟ್ಟು, ಟ್ಯಾಂಕ್ ತುಂಬಿಸಿ, ಎಂಜಿನ್ ನಿಲ್ಲಿಸಿ ಮುಳ್ಳನ್ನು ಗಮನಿಸಿ. ಲಿವರ್ ಪಾರ್ಕಿಂಗಿನಲ್ಲಿದ್ದಾಗ ಇಳಿಯದೆ, ಬಿಡಿಸಿದ ಸ್ಥಾನದಲ್ಲಿ ಮಾತ್ರ ಇಳಿದರೆ ಸ್ಪ್ರಿಂಗ್ ಕೋಣೆ ಅಥವಾ ಅದರ ಪೈಪನ್ನು ಶಂಕಿಸಬೇಕು. ಪೆಡಲ್ ಒತ್ತಿ ಹಿಡಿದಾಗ ಮಾತ್ರ ಇಳಿದರೆ ಕಾಲಿನ ಬ್ರೇಕಿನ ಡಯಾಫ್ರಾಮ್ ಅಥವಾ ವಾಲ್ವ್. ಅನುಮಾನದ ಜಾಗಕ್ಕೆ ಸೋಪಿನ ನೀರು ಹಚ್ಚಿದರೆ ಗುಳ್ಳೆ ಏಳುತ್ತದೆ.

ಇದೇ ಸಂಗತಿ ಸಂಪಾದಕರ ಎರಡನೆಯ ವಾಕ್ಯಕ್ಕೂ ಬೇಕು. “ತಾನಾಗಿ ಹಿಡಿಯುತ್ತದೆ” ಎಂದು ಬರೆದರೆ, ಗಾಳಿ ಹೋದ ಕ್ಷಣವೇ ಗಾಡಿ ಗಕ್ಕನೆ ನಿಲ್ಲುತ್ತದೆ ಎಂದು ಚಾಲಕ ತಿಳಿಯುತ್ತಾನೆ. ಹಾಗಲ್ಲ. ಒತ್ತಡ ಇಳಿದಂತೆಲ್ಲ ಕಾಲಿನ ಬ್ರೇಕ್ ಸೊರಗುತ್ತಾ ಹೋಗುತ್ತದೆ, ಸ್ಪ್ರಿಂಗ್ ನಿಧಾನವಾಗಿ ಬಿಗಿಯುತ್ತಾ ಬರುತ್ತದೆ. ಅದೂ ಸ್ಪ್ರಿಂಗ್ ಇರುವ ಹಿಂದಿನ ಚಕ್ರಗಳಲ್ಲಿ ಮಾತ್ರ. ಬಜರ್ ಕೂಗಿದ ಕೂಡಲೇ, ಇನ್ನೂ ಗಾಳಿ ಇರುವಾಗಲೇ, ಪಕ್ಕಕ್ಕೆ ನಿಲ್ಲಿಸಬೇಕು. ಪೆಡಲನ್ನು ಮತ್ತೆ ಮತ್ತೆ ಒತ್ತಿದರೆ ಇರುವ ಗಾಳಿಯೂ ಖರ್ಚಾಗುತ್ತದೆ.

ಇಳಿಜಾರಿನ ಮಾತನ್ನು ಮಾತ್ರ ಒಪ್ಪಲಾರೆ. ಸ್ಪ್ರಿಂಗ್ ಹಿಗ್ಗಿದಷ್ಟೂ ಅದರ ಬಲ ಕುಗ್ಗುತ್ತದೆ. ನಾನು ಮೇಲೆ ಹೇಳಿದ ಅಳತೆಯ ಚೇಂಬರಿನಲ್ಲಿ ಪುಶ್ ರಾಡ್ ಒಟ್ಟು ಚಲಿಸಬಲ್ಲದ್ದು ಸುಮಾರು 64 ಮಿ.ಮೀ.; 51 ಮಿ.ಮೀ. ಮುಟ್ಟಿತೆಂದರೆ ಬ್ರೇಕ್ ಅಡ್ಜಸ್ಟ್ ಮಾಡಲೇಬೇಕು. ಲೈನರ್ ಸವೆದು, ಅಡ್ಜಸ್ಟರ್ ಕೆಲಸ ಮಾಡದೆ ಹೋದರೆ, ಸ್ಪ್ರಿಂಗ್ ತನ್ನ ಬಲವನ್ನೆಲ್ಲ ದಾರಿಯಲ್ಲೇ ಕಳೆದುಕೊಂಡು ಡ್ರಮ್ಮಿನ ಬಳಿಗೆ ಸೋತು ಬರುತ್ತದೆ. ಕಾಯ್ದ ಡ್ರಮ್ ಹಿಗ್ಗಿರುವುದರಿಂದ ಘಾಟಿ ಇಳಿಯುವಾಗ ಕಾಲಿನ ಬ್ರೇಕಿಗೂ ಇದೇ ಗತಿ. ರಾಡ್ ಕೊನೆಯನ್ನು ಮುಟ್ಟಿ ನಿಂತುಬಿಡುತ್ತದೆ, ಮುಳ್ಳು ಮಾತ್ರ 7 ತೋರಿಸುತ್ತಿರುತ್ತದೆ. ಎಷ್ಟೋ ಬಾರಿ “ಬ್ರೇಕ್ ಫೇಲ್” ಎನ್ನುವುದು ಗಾಳಿ ಹೋದದ್ದಲ್ಲ, ಇದು. ಗೇರ್ ಇಳಿಸಿಕೊಂಡು ಎಂಜಿನ್ ಹಿಡಿತದಲ್ಲಿ ಇಳಿಯಬೇಕು ಎಂದು ಹಳೆಯ ಚಾಲಕರು ಹಟ ಹಿಡಿಯುವುದು ಅದಕ್ಕಾಗಿಯೇ.

ಉತ್ತರ: ಧಾರವಾಡದಿಂದ, ಪಾರಿಭಾಷಿಕ ಪದಕೋಶದ ಕೆಲಸ ಮಾಡಿದವರು

ಇಷ್ಟು ಉದ್ದದ ವಿವರಣೆಯನ್ನು ಪ್ರತಿ ಸಲ ಬರೆಯಲಾಗದು, ಒಂದು ಪದ ಬೇಕು. “ವಾಯುಮುಕ್ತ ಬ್ರೇಕ್” ಎಂದರೆ ಹೇಗೆ? ವಾಯುವಿನಿಂದ ಮುಕ್ತಗೊಳ್ಳುವುದು.

ಉತ್ತರ: ಮೈಸೂರಿನಿಂದ, ಪ್ರಶ್ನೆ ಕೇಳಿದವರು

ಸರ್, ಸಮಾಸ ಚೊಕ್ಕವಾಗಿದೆ, ಆದರೆ “ರೋಗಮುಕ್ತ”, “ಸಾಲಮುಕ್ತ” ಎಂಬ ಜಾಡಿನಲ್ಲಿ ಓದುವವರಿಗೆ ಅದು ಗಾಳಿಯೇ ಇಲ್ಲದ ಬ್ರೇಕ್ ಆಗಿಬಿಡುತ್ತದೆ. ನಮಗೆ ಬೇಕಾದ್ದರ ತದ್ವಿರುದ್ಧ. ಸದ್ಯಕ್ಕೆ “ಸ್ಪ್ರಿಂಗ್ ಬ್ರೇಕ್” ಎಂದು ಇಟ್ಟು, ಮೊದಲ ಸಲ ಬಂದಲ್ಲಿ “ಸ್ಪ್ರಿಂಗ್ ಹಿಡಿಯುತ್ತದೆ, ತುಂಬಿದ ಗಾಳಿ ಬಿಡಿಸುತ್ತದೆ” ಎಂದು ಬರೆಯುತ್ತೇನೆ. ಮೊದಲ ವಾಕ್ಯಕ್ಕೆ “ಕಾಲಿನ ಬ್ರೇಕ್” ಎಂಬ ಕರ್ತೃ ಸೇರುತ್ತದೆ.

ಒಂದು ಉಳಿದಿದೆ. ಗಾಳಿಯೇ ತುಂಬದಿದ್ದಾಗ ಗಾಡಿಯನ್ನು ಎಳೆದೊಯ್ಯಲು ಚೇಂಬರಿನ ಹಿಂದಿನಿಂದ ಉದ್ದನೆಯ ಬೋಲ್ಟ್ ಹಾಕಿ ಸ್ಪ್ರಿಂಗನ್ನು ಹಿಂದಕ್ಕೆ ಎಳೆದು ಕಟ್ಟುತ್ತಾರಲ್ಲ, ಅದನ್ನು ಅನುವಾದಕರು “ಪಂಜರ ಬೋಲ್ಟ್” ಎಂದಿದ್ದಾರೆ. ಯಾರಾದರೂ ಹಾಗೆ ಹೇಳುವುದನ್ನು ಕೇಳಿದ್ದೀರಾ?

ಉತ್ತರ: ಹುಬ್ಬಳ್ಳಿಯಿಂದ

ರೈಲಿಗೂ ಲಾರಿಗೂ ಇರುವ ವ್ಯತ್ಯಾಸ ತಿಳಿಯಿತು, ಧನ್ಯವಾದ. ಆದರೂ “ಏರ್ ಬ್ರೇಕ್” ಎಂಬ ಒಂದೇ ಹೆಸರಿನಲ್ಲಿ ಎರಡು ವಿರುದ್ಧ ಕೆಲಸಗಳನ್ನು ಕರೆಯುವುದು ನನಗೆ ಸರಿ ಕಾಣುತ್ತಿಲ್ಲ. ಪಾರ್ಕಿಂಗ್ ಬ್ರೇಕನ್ನು ಏರ್ ಬ್ರೇಕ್ ಅಧ್ಯಾಯದಿಂದಲೇ ಬೇರ್ಪಡಿಸಬಾರದೇಕೆ?

ಉತ್ತರ: ದಾವಣಗೆರೆಯಿಂದ

ಬೇರ್ಪಡಿಸುವುದು ಕಷ್ಟ. ಒಂದೇ ಟ್ಯಾಂಕು, ಒಂದೇ ಪುಶ್ ರಾಡು. ಅದನ್ನು ಸಂಪಾದಕರಿಗೆ ಬಿಡುತ್ತೇನೆ.

“ಪಂಜರ ಬೋಲ್ಟ್” ನಾನು ಕೇಳಿಲ್ಲ. ನಮ್ಮಲ್ಲಿ ಸುಮ್ಮನೆ “ಸ್ಪ್ರಿಂಗ್ ಎಳೆಯುವ ಬೋಲ್ಟ್” ಎನ್ನುತ್ತಿದ್ದೆವು. ಪದ ಯಾವುದೇ ಇರಲಿ, ವಾಕ್ಯದ ಕ್ರಮ ಕಾಪಾಡಿ. ಕರಡಿನಲ್ಲಿ “ಬೋಲ್ಟ್ ಬಿಗಿದು, ನಂತರ ಚಕ್ರಕ್ಕೆ ಕಲ್ಲು ಕೊಡಿ” ಎಂದಿದ್ದರೆ ತಿರುಗಿಸಿ ಬರೆಯಿರಿ. ಬೋಲ್ಟ್ ಬಿಗಿದ ಮೇಲೆ ಆ ಗಾಡಿಗೆ ಪಾರ್ಕಿಂಗ್ ಬ್ರೇಕ್ ಇಲ್ಲ. ಇಳಿಜಾರಿದ್ದರೆ ಬೋಲ್ಟ್ ಬಿಗಿಯುತ್ತಿರುವವನ ಮೇಲೆಯೇ ಅದು ಉರುಳುತ್ತದೆ. ಸ್ಪ್ರಿಂಗ್ ಕೋಣೆಯ ಪಟ್ಟಿಯನ್ನು ಬಿಚ್ಚಬಾರದು ಎಂಬ ವಾಕ್ಯ ಕರಡಿನಲ್ಲಿ ಇಲ್ಲದಿದ್ದರೆ ಸೇರಿಸಿ. ಸುಮಾರು ಒಂದು ಟನ್ನಿನಷ್ಟು ಬಲ ಅದರೊಳಗೆ ಅದುಮಿಕೊಂಡು ಕುಳಿತಿರುತ್ತದೆ. ಬಿಚ್ಚಿದರೆ ಮುಚ್ಚಳ ಹಾರಿ ಆಳನ್ನು ಕೊಲ್ಲಬಲ್ಲದು. ಕೆಟ್ಟರೆ ಇಡೀ ಚೇಂಬರನ್ನೇ ಬದಲಿಸಬೇಕು.